ಅತ್ತೆಗೆ ಓದಿ ಹೇಳಿದ ಪ್ರೋಗ್ರಾಂ

ಶಿಕಾರಿಪುರದಲ್ಲಿ ರಾಜಕುಮಾರ ನಡೆಸುವ ಕಂಪ್ಯೂಟರ್ ತರಬೇತಿ ಕೇಂದ್ರದ ಮೇಜಿನ ಮೇಲೆ ಹಳದಿ ಬಣ್ಣದ ರಬ್ಬರ್ ಬಾತುಕೋಳಿ ಇದೆ. ಬರೆದ ಪ್ರೋಗ್ರಾಂ ಕೈಕೊಟ್ಟಿತೆಂದು ಯಾರಾದರೂ ಅಳುಮುಖ ಹೊತ್ತು ಬಂದರೆ ಅವನು ಬಾತುಕೋಳಿಯನ್ನು ಅವರ ಮುಂದಿಡುತ್ತಾನೆ. ಒಂದೊಂದೇ ಸಾಲನ್ನು ಇದಕ್ಕೆ ಬಾಯಿಬಿಟ್ಟು ವಿವರಿಸಿ, ಹೇಳ್ತಾ ಹೇಳ್ತಾ ತಪ್ಪು ನಿಮಗೇ ಸಿಗುತ್ತೆ ಅನ್ನುತ್ತಾನೆ. ತಾನು ಮಾತ್ರ ಒಂದು ದಿನವೂ ಅದರೊಡನೆ ಮಾತಾಡಿದವನಲ್ಲ. ಅದೇನಿದ್ದರೂ ಕಲಿಯುವವರಿಗೆ ಎಂಬ ದೊಡ್ಡಸ್ತಿಕೆ ಅವನದು.

ಆ ದೊಡ್ಡಸ್ತಿಕೆಯಲ್ಲೇ ಸೊರಬದ ಕಡೆಯ ಹಳ್ಳಿಯಲ್ಲಿರುವ ಅತ್ತೆ ರಾಧಮ್ಮನ ಪಂಪ್‌ಸೆಟ್ಟಿಗೆ ತಾನೇ ಒಂದು ಪೆಟ್ಟಿಗೆ ಮಾಡಿಕೊಟ್ಟಿದ್ದ. ಹೊಲಕ್ಕೆ ತ್ರೀ ಫೇಸ್ ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ. ಸರದಿಯ ಹೊತ್ತಿನಲ್ಲಿ ಕರೆಂಟು ಬಂದ ಕೂಡಲೇ ಪೆಟ್ಟಿಗೆ ತಾನಾಗಿ ಮೋಟರು ಶುರು ಮಾಡಬೇಕು. ಮಂಡಿನೋವಿನ ಹೆಂಗಸು ಇನ್ನು ಕತ್ತಲೆಯಲ್ಲಿ ಬದುವಿನ ಮೇಲೆ ನಡೆಯಬೇಕಾಗಿಲ್ಲವೆಂದು ನೆಂಟರೆಲ್ಲ ಕೂತಿದ್ದಾಗ ಮಾತು ಕೊಟ್ಟಿದ್ದ. ಹಗಲಿನ ವಾರ ಪೆಟ್ಟಿಗೆ ಚಿನ್ನದಂತೆ ನಡೆಯಿತು. ರಾತ್ರಿಯ ವಾರ ಬಂತು, ಕಮಕ್ ಕಿಮಕ್ ಅನ್ನಲಿಲ್ಲ. ರಾಧಮ್ಮ ಫೋನಿನಲ್ಲಿ ಸಂಕೋಚದಿಂದಲೇ ವಿಷಯ ತಿಳಿಸಿ, ಪಕ್ಕದ ಹೊಲದ ಸುರೇಶ ಹಾಕಿಕೊಡ್ತಾನೆ, ಗಾಬರಿ ಬೇಡ, ಬಿಡುವಾದಾಗ ಬನ್ನಿ ಅಂದಿದ್ದಳು. ಅವನೂ ಬಿಡುವಾಗುವವರೆಗೆ ಕಾದ.

ಭಾನುವಾರ ಹೆಂಡತಿ ಚೈತ್ರಶ್ರೀಯೊಡನೆ ಬಂದವನು ಪೆಟ್ಟಿಗೆಯನ್ನು ಕಳಚಿ ತಂದು ಜಗಲಿಯ ಮೇಲೆ ಹರಡಿಕೊಂಡ. ಮೊದಲು ವೈರನ್ನು ಬೈದ. ವೈರು ಸರಿಯಿತ್ತು. ಮೋಟರಿಗೆ ಕರೆಂಟು ಕೂಡಿಸುವ ರಿಲೇ ಬದಲಾಯಿಸಿದ, ಹಳೆಯದೂ ಸರಿಯೇ ಇತ್ತು. ಪ್ರೋಗ್ರಾಮನ್ನು ಮನಸ್ಸಿನಲ್ಲೇ ಮೇಲಿಂದ ಕೆಳಕ್ಕೆ ಓದಿದ, ಎಲ್ಲ ಸಾಲೂ ಮುತ್ತಿನಂತೆ ಕಂಡವು. ಕೊನೆಗೆ ಇಲಿಯ ಮೇಲೆ ಅನುಮಾನಪಟ್ಟ.

"ಹುಡುಗ್ರಿಗೆಲ್ಲ ಬಾತುಕೋಳಿ ಜೊತೆ ಮಾತಾಡಿ ಅಂತೀರಲ್ಲರೀ," ಅಂದಳು ಚೈತ್ರಶ್ರೀ. "ನೀವೂ ಒಂಚೂರು ಮಾತಾಡಿ."

ಬಾತುಕೋಳಿ ಶಿಕಾರಿಪುರದಲ್ಲಿದೆ ಎಂದು ಅವನು ಸಿಡುಕಿದ. ಅವಳು ಅಮ್ಮನನ್ನು ತೋರಿಸಿ ಒಳಗೆ ಹೋದಳು. ರಾಧಮ್ಮ ಕಂಬಕ್ಕೊರಗಿ ಅವರೆಕಾಯಿ ಸುಲಿಯುತ್ತಿದ್ದಳು. ಹೇಳಿ, ಕೇಳಿಸ್ಕೊಳ್ತೀನಿ ಅಂದಳು.

ರಾಜಕುಮಾರ ಗಂಟಲು ಸರಿಪಡಿಸಿಕೊಂಡು ಆರಂಭಿಸಿದ. ಮೊದಲ ಸಾಲು ಗಡಿಯಾರದಿಂದ ಗಂಟೆ ಓದುತ್ತದೆ. ಹೂಂ, ಅಂದಳು ಅತ್ತೆ. ಮುಂದಿನದು ಕರೆಂಟು ಬಂದಿದೆಯೇ ನೋಡುತ್ತದೆ. ಹೂಂ. ಇದು ಹೊತ್ತು ಸರಿಯಿದೆಯೇ ಅಂತ ನೋಡುವ ಸಾಲು, ರಾತ್ರಿ ಹತ್ತರಿಂದ ಬೆಳಗಿನ ಜಾವ ನಾಲ್ಕರವರೆಗೆ ಮೋಟರು ನಡೆಯಲಿ ಅಂತಿದೆ, ಎಂದವನು ಮುಂದಿನ ಸಾಲಿಗೆ ಹಾರಿದ. ಹೂಂ ಬರಲಿಲ್ಲ. ಅತ್ತೆಗೆ ಅರ್ಥವಾಗಿಲ್ಲ ಪಾಪ ಎಂದುಕೊಂಡು, ತರಗತಿಯ ದನಿಯಲ್ಲಿ ಅದೇ ಸಾಲನ್ನು ಅಕ್ಷರ ಬಿಡದೆ ಹೇಳಿಕೊಟ್ಟ.

"ನೋಡಿ ಅತ್ತೆ, ಇಪ್ಪತ್ನಾಲ್ಕು ಗಂಟೆ ಲೆಕ್ಕ. ಈಗಿನ ಗಂಟೆ ಇಪ್ಪತ್ತೆರಡೋ ಅದಕ್ಕಿಂತ ಹೆಚ್ಚೋ ಇರಬೇಕು. ಜೊತೆಗೆ, ಅದೇ ಗಂಟೆ ನಾಲ್ಕಕ್ಕಿಂತ ಕಡಿಮೆಯೂ ಇರಬೇಕು."

ಹೇಳಿದವನ ಬಾಯಿ ತೆರೆದೇ ಉಳಿಯಿತು. ಇಪ್ಪತ್ತೆರಡಕ್ಕೆ ಕಡಿಮೆಯಿಲ್ಲದೆ ನಾಲ್ಕಕ್ಕಿಂತ ಕಡಿಮೆಯಿರುವ ಗಂಟೆ ಯಾವ ಲೋಕದಲ್ಲಿದೆ? ಹಗಲಿನ ಹತ್ತರಿಂದ ಹದಿನಾರರವರೆಗೆ ಆ ಸಾಲು ಸರಿಯೇ, ನಡುರಾತ್ರಿ ದಾಟುವ ಸರದಿಗೆ ಯಾವತ್ತೂ ಒಪ್ಪುವುದಿಲ್ಲ. ಇಷ್ಟು ಹೊತ್ತೂ ಅವನು ಓದಿದ್ದು ತಾನು ಅಂದುಕೊಂಡದ್ದನ್ನು, ಬರೆದದ್ದನ್ನಲ್ಲ. ಇದೇ ತಪ್ಪು ಮಾಡಿದ ಹುಡುಗಿಯೊಬ್ಬಳಿಗೆ ಹೋದ ತಿಂಗಳು ಅರ್ಧ ಗಂಟೆ ಉಪದೇಶ ಕೊಟ್ಟ ಮಹಾನುಭಾವ ಅವನೇ.

"ಸಿಕ್ತು ಅತ್ತೆ," ಎಂದು ಹೆಮ್ಮೆಯಿಂದ ತಿರುಗಿದ. ರಾಧಮ್ಮ ಮಡಿಲಲ್ಲಿ ಅವರೆಕಾಯಿ ಇಟ್ಟುಕೊಂಡೇ ನಿದ್ದೆ ಹೋಗಿದ್ದಳು. ತನ್ನ ಪಾಠಕ್ಕೆ ತೂಕಡಿಸುವವರು ಅವನಿಗೆ ಹೊಸಬರೇನಲ್ಲ. ತುಸು ಮುಖಭಂಗವಾದರೂ ಕೆಲಸಕ್ಕೆ ಕೂತ. ಶುರುವಿನ ಗಂಟೆ ಮುಗಿಯುವ ಗಂಟೆಗಿಂತ ದೊಡ್ಡದಾಗಿದ್ದರೆ ಎರಡು ಷರತ್ತುಗಳಲ್ಲಿ ಒಂದು ಕೂಡಿಬಂದರೂ ಸಾಕೆಂದು ತಿದ್ದಿದ. ಕರೆಂಟು ಬಂದಿದೆಯೆಂದು ಪೆಟ್ಟಿಗೆಗೆ ಸುಳ್ಳು ಸೂಚನೆ ಕೊಟ್ಟ. ಗಡಿಯಾರವನ್ನು ಮಧ್ಯಾಹ್ನಕ್ಕಿಟ್ಟ, ಪೆಟ್ಟಿಗೆ ಸುಮ್ಮನಿತ್ತು. ರಾತ್ರಿ ಹನ್ನೊಂದಕ್ಕಿಟ್ಟ. ರಿಲೇ ಟಕ್ಕೆಂದಿತು.

ರಾಧಮ್ಮ ಧಡಕ್ಕನೆ ಎದ್ದಳು. ಅವರೆಕಾಯಿ ಜಗಲಿಯ ತುಂಬ ಚೆಲ್ಲಿತು. ಕಣ್ಣು ಪೂರ್ತಿ ತೆರೆಯದೆ ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು, ನಡುಹಗಲಿನ ಬಿಸಿಲಲ್ಲಿ ಚಪ್ಪಲಿ ತಡಕಾಡಿದಳು.

"ಕರೆಂಟ್ ಬಂತಾ? ಚೈತ್ರ, ಬ್ಯಾಟ್ರಿ ಕೊಡೇ, ಮೋಟ್ರು ಹಾಕಿ ಬರ್ತೀನಿ."

ರಾಜಕುಮಾರನಿಗೆ ಈಗ ತಿಳಿಯಿತು. ಸುರೇಶ ಹಾಕಿಕೊಡುತ್ತಾನೆ ಅಂದದ್ದು ಬರೀ ಅಳಿಯನ ಮರ್ಯಾದೆ ಉಳಿಸುವ ಸುಳ್ಳು. ವಾರವಿಡೀ ಹೊಲಕ್ಕೆ ಹೋದವಳು ಇವಳೇ. ತನ್ನ ಬಿಡುವಿನ ಬಗ್ಗೆ ಅವನಿಗೆ ವಿಪರೀತ ನಾಚಿಕೆಯಾಯಿತು.

"ಕೂತ್ಕೊಳ್ಳಿ ಅತ್ತೆ," ಅಂದ. "ಇವತ್ತಿಂದ ಅದೇ ಹಾಕ್ಕೊಳ್ಳುತ್ತೆ."

ರಾಧಮ್ಮ ಅವನ ಮುಖ ನೋಡಿ, ನೋಯಬಾರದೆಂದು ಮೆಲ್ಲಗೆ ಹೇಳಿದಳು. "ಆಗ್ಲಿ. ಆದ್ರೂ ಚಪ್ಪಲಿ ಬಾಗ್ಲಲ್ಲೇ ಇಟ್ಟಿರ್ತೀನಿ."

ರಾತ್ರಿ ಹೋಗಬೇಕಾಗಿ ಬಂದರೆ ಹೋಗುವವನು ತಾನೇ ಎಂಬಂತೆ ಅವನು ಎದ್ದು ಹೋಗಿ ತನ್ನ ಚಪ್ಪಲಿಯನ್ನು ಅವಳ ಚಪ್ಪಲಿಯ ಮುಂದೆ ಬಿಟ್ಟು ಬಂದ.