ಎರಡನೇ ವರ್ಷದ ಯಂತ್ರ

ಮುಸ್ಕಾನಳಿಗೆ ಎಲ್ಲವೂ ಬೇಕಾಗಿತ್ತು. ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಬಿಡಿಸುವ ಕ್ಯಾಡ್ ಬೇಕು, ವೆಲ್ಡಿಂಗ್ ಬೇಕು, ಹೈಡ್ರಾಲಿಕ್ಸ್ ಬೇಕು, ಇಂಗ್ಲಿಷ್ ಮಾತಾಡಲು ಬರಬೇಕು, ಸಾಲದ್ದಕ್ಕೆ ನಡೆದಾಡುವ ಒಂದು ರೋಬೋ ಕೂಡ ಮಾಡಬೇಕು. ತನ್ನೂರು ಕೊಟ್ಟೂರಿನ ಗೋಡೆಗಳ ಮೇಲೆ ಯಾವ್ಯಾವ ಕೋರ್ಸಿನ ಬೋರ್ಡು ಇದ್ದವೋ ಅವನ್ನೆಲ್ಲ ಒಂದೇ ವರ್ಷದಲ್ಲಿ ಮುಗಿಸುವ ಹುರುಪು. ಅದು ಎರಡು ಸಾವಿರದ ನಾಲ್ಕನೇ ಇಸವಿ. ಹರಪನಹಳ್ಳಿಯ ಪಾಲಿಟೆಕ್ನಿಕ್ಕಿನಲ್ಲಿ ಅವಳು ಮೆಕ್ಯಾನಿಕಲ್ ಡಿಪ್ಲೊಮಾದ ಎರಡನೇ ವರ್ಷಕ್ಕೆ ಕಾಲಿಟ್ಟಿದ್ದಳು, ತರಗತಿಗೆಲ್ಲ ಹುಡುಗಿ ಎಂದರೆ ಅವಳೊಬ್ಬಳೇ.

ಹುರುಪಿಗೆ ಕಾರಣವಿತ್ತು. ವರ್ಷದ ಕೊನೆಗೆ ಹರಿಹರದ ಒಂದು ಕಾರ್ಖಾನೆಯವರು ಕಾಲೇಜಿಗೆ ಬಂದು, ಎರಡನೇ ವರ್ಷದವರನ್ನು ಮಾತಾಡಿಸಿ, ಬೇಸಿಗೆ ರಜೆಯ ತರಬೇತಿಗೆ ಆರಿಸಿಕೊಳ್ಳುತ್ತಿದ್ದರು. ಹಿಂದಿನ ವರ್ಷ ಗೀತಾಂಜಲಿ ಎಂಬ ಹುಡುಗಿಯನ್ನು ಆರಿಸಿಕೊಂಡು ಹೋಗಿ ಬಿಡಿಭಾಗ ಇಡುವ ಸ್ಟೋರಿನ ಮೇಜಿನ ಮುಂದೆ ಕೂರಿಸಿ, ರಜೆಯಿಡೀ ಚೀಟಿ ಬರೆಸಿ ಕಳಿಸಿದ್ದರು. ಪಾಪ, ಅವಳು ಲೇತಿನ ಸದ್ದು ಕೇಳಿದ್ದು ಗೋಡೆಯ ಆಚೆಯಿಂದ. ಮುಸ್ಕಾನಳಿಗೆ ಬೇಕಾಗಿದ್ದು ಗೋಡೆಯ ಆ ಬದಿ, ಯಂತ್ರಗಳ ನಡುವೆ ಒಂದು ಜಾಗ.

ಅವಳ ಆಸೆಗಳ ಮೆರವಣಿಗೆಯನ್ನು ಅರುಣಕುಮಾರ್ ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಮೆಕ್ಯಾನಿಕಲ್ ವಿಭಾಗದ ಈ ಮೇಷ್ಟ್ರಿಗೆ ಸಿಟ್ಟು ಬರುವುದು ಕಡಿಮೆ, ನಗು ಬರುವುದು ಇನ್ನೂ ಕಡಿಮೆ.

"ಇಷ್ಟನ್ನೂ ಕಲಿತರೆ ಇಷ್ಟರ ಹೆಸರು ಕಲಿತೀಯಮ್ಮ, ಕೆಲಸ ಕಲಿಯಲ್ಲ. ಕಾರ್ಖಾನೆಯೋರು ಕೇಳೋದು ಎರಡೇ. ಡ್ರಾಯಿಂಗ್ ಓದೋಕೆ ಬರ್ತೈತಾ? ಅಳತೆ ಹಿಡಿಯೋಕೆ ಬರ್ತೈತಾ? ಮೊದಲು ಅವೆರಡು."

ಹೀಗೆ ವರ್ಷಕ್ಕೆ ಒಂದು ದಾರಿ ಬಿತ್ತು. ದಸರಾದವರೆಗೆ ವರ್ನಿಯರ್, ಮೈಕ್ರೋಮೀಟರ್ ಮತ್ತು ಡ್ರಾಯಿಂಗ್. ಕ್ಯಾಡ್ ಕಲಿಯುವುದೇನೋ ಸರಿ, ಆದರೆ ಅಲ್ಲಿ ಪುಸ್ತಕದ ಚಿತ್ರ ಬರೆಯಬಾರದು, ತಾನೇ ಅಳೆದ ವಸ್ತುವನ್ನೇ ಬರೆಯಬೇಕು. ಅದಾದ ಮೇಲೆ ಒಂದೇ ಒಂದು ಯಂತ್ರ, ಯಾರಿಗಾದರೂ ಉಪಯೋಗಕ್ಕೆ ಬರುವಂಥದ್ದು. ಕೊನೆಯ ಎರಡು ತಿಂಗಳು ಆ ಯಂತ್ರದ ಬಗ್ಗೆ ಬಾಯಿಬಿಟ್ಟು ಮಾತಾಡುವ ಅಭ್ಯಾಸ. ರೋಬೋ ಅಲ್ಲೇ ಸತ್ತಿತು. ಮುಸ್ಕಾನ್ ಬಸ್ಸಿನಲ್ಲಿ ಕೂತು ಅದಕ್ಕಾಗಿ ನಿಜಕ್ಕೂ ಮರುಗಿದಳು.

ಮೊದಲ ಪರೀಕ್ಷೆ ಹಗರಿಬೊಮ್ಮನಹಳ್ಳಿಯ ದುರುಗಣ್ಣ ಎಂಬ ಲೇತ್ ಕೆಲಸಗಾರನ ಮುಂದೆ ನಡೆಯಿತು. ಪಂಪಿನ ಒಂದು ಬುಷ್, ಅಂದರೆ ಒಳಗೆ ತೂತಿರುವ ಲೋಹದ ಬಳೆ, ಅಳೆದು ಡ್ರಾಯಿಂಗ್ ಮಾಡಿ ಅವನ ಕೈಗಿಟ್ಟು ಸುಮ್ಮನೆ ನಿಲ್ಲಬೇಕು, ಅವನು ಒಂದೂ ಪ್ರಶ್ನೆ ಕೇಳದೆ ಬುಷ್ ತಿರುವಿ ಕೊಟ್ಟರೆ ಡ್ರಾಯಿಂಗ್ ಸರಿ ಎಂಬುದು ಮೇಷ್ಟ್ರ ಕಟ್ಟಳೆ. ಮೊದಲ ಸಲ ದುರುಗಣ್ಣ ಪ್ರಶ್ನೆಗಳ ಮಳೆಯನ್ನೇ ಸುರಿಸಿದ. "ಒಳಗಿನ ತೂತು ಎಷ್ಟು ಬಿಗಿ ಇರಬೇಕವ್ವ? ಎಷ್ಟು ಹೆಚ್ಚು ಕಡಿಮಿ ಆದ್ರ ನಡೀತೈತಿ? ಇದನ್ನ ಬರದೇ ಇಲ್ಲಲ್ಲ!" ಮೂರನೇ ಡ್ರಾಯಿಂಗಿಗೆ ಅವನು ತುಟಿ ಪಿಟಕ್ಕೆನ್ನದೆ ಕೆಲಸ ಮುಗಿಸಿದ. ಆ ಮೌನ ಅವಳಿಗೆ ಹೊಗಳಿಕೆಗಿಂತ ಹಿತವಾಗಿತ್ತು.

ಯಂತ್ರವೆಂದು ಅವಳು ಆರಿಸಿದ್ದು ಶೇಂಗಾಕಾಯಿ ಸುಲಿಯುವುದನ್ನು. ಅರೆವೃತ್ತದ ಜರಡಿ, ಅದರ ಮೇಲೆ ಹಿಂದೆ ಮುಂದೆ ತೂಗಾಡುವ ಹಿಡಿಕೆ, ಹಿಡಿಕೆಯ ಬುಡಕ್ಕೆ ಕಾಯಿ ಉಜ್ಜುವ ಹಲ್ಲುಗಳು. ನೋಡಲು ಸುಲಭ, ಆದರೆ ಹಲ್ಲಿಗೂ ಜರಡಿಗೂ ನಡುವಿನ ಸಂದು ಕಿರಿದಾದರೆ ಬೀಜ ನುಚ್ಚಾಗುತ್ತದೆ, ಹಿಗ್ಗಿದರೆ ಕಾಯಿ ಒಡೆಯುವುದೇ ಇಲ್ಲ. ಕೊಟ್ಟೂರಿನಲ್ಲಿ ಅಪ್ಪ ಮಕ್ತುಂ ಸಾಬರ ಗ್ಯಾರೇಜಿನಲ್ಲೇ ಅವಳು ಅದನ್ನು ಕಟ್ಟಿದಳು. ಪ್ರತಿ ಸಲವೂ ಒಂದು ಕಿಲೋ ಕಾಯಿ ಸುಲಿದು, ಇಡೀ ಬೀಜ ಬೇರೆ, ಒಡೆದದ್ದು ಬೇರೆ ತೂಗಿ ಬರೆದಿಟ್ಟಳು. ಒಂದು ಜರಡಿಯ ಕಿಂಡಿ ಸಣ್ಣದಾಯಿತು, ಇನ್ನೊಂದರದು ದೊಡ್ಡದಾಗಿ ಕಾಯಿಗಳೇ ಕೆಳಗೆ ಉದುರಿದವು, ಮತ್ತೊಂದು ಬಾಗಿತು. ಕೊನೆಗೆ ಒಂದು ಸರಿಹೋಯಿತು. ಅಂದು ಅವಳ ತಾಯಿ ಜೈನಾಬ್ ಬೀ ಆ ಬೀಜವನ್ನೇ ಹುರಿದು ಚಟ್ನಿಪುಡಿ ಮಾಡಿದರು.

ಎಡವಟ್ಟಾದದ್ದು ಇಲ್ಲಿಂದ ಮುಂದೆ. ಮಕ್ತುಂ ಸಾಬರ ಗ್ಯಾರೇಜಿಗೊಂದು ಪದ್ಧತಿಯಿತ್ತು. ಶುಕ್ರವಾರದ ನಮಾಜಿಗೆ ಮುಂಚೆ, ಗುರುವಾರ ಸಂಜೆಯೇ ಅಂಗಡಿ ಗುಡಿಸಿ, ಕೆಟ್ಟ ಸಾಮಾನನ್ನೆಲ್ಲ ಗುಜರಿಗೆ ಹಾಕಿಬಿಡಬೇಕು. ಕೆಟ್ಟದ್ದು ಗಿರಾಕಿಯ ಕಣ್ಣಿಗೆ ಬೀಳಬಾರದು, ಒಪ್ಪಿಸುವ ಯಂತ್ರ ಮಿರಮಿರ ಮಿಂಚಬೇಕು. ಕಾರ್ಖಾನೆಯವರು ಬರುವ ಮೊದಲಿನ ಗುರುವಾರ ಮುಸ್ಕಾನ್ ಕಾಲೇಜಿನಿಂದ ಬಂದು ನೋಡುತ್ತಾಳೆ, ಯಂತ್ರ ಹಸಿರು ಬಣ್ಣ ಬಳಿದುಕೊಂಡು ಮದುಮಗನ ಹಾಗೆ ನಿಂತಿದೆ. ವೆಲ್ಡಿಂಗಿನ ಗುರುತೆಲ್ಲ ಉಜ್ಜಿ ನುಣ್ಣಗೆ ಮಾಡಲಾಗಿದೆ. ಹಳೆಯ ಜರಡಿಗಳ ಸುಳಿವಿಲ್ಲ.

"ಹೆಂಗೈತಿ ಬೇಟಿ?" ಅಂದರು ಮಕ್ತುಂ ಸಾಬರು, ಮುಖದ ತುಂಬ ಹಿಗ್ಗು.

"ಭಾಳ ಚಲೋ ಐತಿ ಅಬ್ಬಾ," ಅಂದಳು. ನಿಜವಾಗಿಯೂ ಚೆನ್ನಾಗಿತ್ತು. ಅವಳಿಗೂ ಆಗ ಬೇರೇನೂ ಹೊಳೆಯಲಿಲ್ಲ.

ಹೊಳೆದದ್ದು ಸೋಮವಾರ, ಓಬಳೇಶಪ್ಪನವರ ಎದುರು. ಕಾರ್ಖಾನೆಯ ತರಬೇತಿ ಅಧಿಕಾರಿ ಅವರು. ವರ್ಷ ವರ್ಷವೂ ಅಂಗಡಿಯಲ್ಲಿ ಕೊಂಡು ತಂದ ಪ್ರಾಜೆಕ್ಟುಗಳನ್ನು ನೋಡಿ ನೋಡಿ ಬೇಸತ್ತ ಮನುಷ್ಯ. ಯಂತ್ರದ ಸುತ್ತ ಒಂದು ಸುತ್ತು ಬಂದು, ಹಸಿರು ಬಣ್ಣದ ಮೇಲೆ ಬೆರಳಾಡಿಸಿದರು.

"ಎಲ್ಲಿ ತಂದಿ?"

"ನಾನೇ ಮಾಡೀನ್ರಿ." ತೂಗಿ ಬರೆದಿದ್ದ ಲೆಕ್ಕವನ್ನು ಮುಂದಿಟ್ಟಳು.

"ಬರದದ್ದು ಯಾರಾದ್ರೂ ಬರೀಬೌದು. ಒಂದೇ ಏಟಿಗೆ ಇಷ್ಟು ಚಲೋ ಬಂತೇನು? ಇದಕ್ಕಿಂತ ಮೊದಲು ಮಾಡಿದ್ದು ಎಲ್ಲಿ?"

"ಗುಜರಿಗೆ ಹೋದ್ವು ಸರ್."

ಓಬಳೇಶಪ್ಪ ನಕ್ಕರು. "ಬರವಣಿಗಿ ಚಲೋ ಐತಿ. ಸ್ಟೋರಿನ್ಯಾಗ ಇರ್ಲಿ ಈಕಿ."

ಮುಸ್ಕಾನಳ ಇಡೀ ವರ್ಷ ಕಣ್ಣೆದುರೇ ಜಾರಿಹೋಗುತ್ತಿತ್ತು. ಮೂಲೆಯಲ್ಲಿ ಅರುಣಕುಮಾರ್ ಮೇಷ್ಟ್ರ ಮುಖ ಸಣ್ಣಗಾಯಿತು. ಕೆಟ್ಟದ್ದನ್ನೂ ಕಾಪಾಡಿಕೋ ಎಂದು ಹೇಳುವುದನ್ನು ಅವರ ಯೋಜನೆ ಮರೆತಿತ್ತು. ಯಂತ್ರವನ್ನು ಟೆಂಪೋದಲ್ಲಿ ಹೇರಿಕೊಂಡು ಬಂದಿದ್ದ ಅಬ್ಬಾ ಬಾಗಿಲಲ್ಲೇ ನಿಂತಿದ್ದರು, ಅವರಿಗೂ ಎಲ್ಲ ಕೇಳಿಸಿತ್ತು.

"ಸರ್, ಸ್ವಲ್ಪ ನಿಂದರ್ರಿ," ಎಂದವಳೇ ನಟ್ಟು ಬಿಚ್ಚುವ ಪಾನ ತೆಗೆದುಕೊಂಡಳು. "ಕೆಡಿಸಿ ತೋರಸ್ತೀನಿ."

ಅಪ್ಪ ಬಳಿದ ಹೊಸ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುವಂತೆ ನಟ್ಟು ಸಡಿಲಿಸಿ, ಹಲ್ಲುಗಳನ್ನು ಕೆಳಗಿಳಿಸಿದಳು. "ಈಗ ನುಚ್ಚು ಬೀಳ್ತೈತ್ರಿ, ಅದೂ ಈ ಬಲಗಡಿ ಜಾಸ್ತಿ, ಯಾಕಂದ್ರ ಜರಡಿ ಈ ಕಡಿ ಒಂದು ಕೂದಲಷ್ಟು ಎತ್ತರ ಐತಿ." ತಂದಿದ್ದ ಚೀಲದಿಂದ ಕಾಯಿ ಸುರಿದು ಹಿಡಿಕೆಯನ್ನು ಹಿಂದೆ ಮುಂದೆ ತೂಗಿದಳು. ನುಚ್ಚು ಬಿತ್ತು, ಬಲಗಡೆ ಜಾಸ್ತಿ. ಹಲ್ಲು ಮೇಲೇರಿಸಿದಳು. "ಈಗ ದಪ್ಪ ಕಾಯಿ ಅಷ್ಟೇ ಒಡೀತಾವು, ಸಣ್ಣವು ಹಂಗೇ ಉಳೀತಾವು." ಹಾಗೆಯೇ ಉಳಿದವು. "ಕಾಯಿ ಭಾಳ ಒಣಗಿದ್ರ ಸಂದು ಸರಿ ಇದ್ರೂ ಬೀಜ ಒಡೀತೈತ್ರಿ, ಅದಕ್ಕ ಮೊದಲು ನೀರು ಚಿಮಕಸಬೇಕು. ಇದು ತಿಳಿಯೋಕ ನನಗ ಒಂದು ತಿಂಗಳು ಹಿಡೀತು."

ಓಬಳೇಶಪ್ಪ ನುಚ್ಚನ್ನು ಅಂಗೈಗೆ ಹಾಕಿಕೊಂಡು ನೋಡಿದರು. ಆಮೇಲೆ ತಾವೇ ಪಾನ ಇಸಿದುಕೊಂಡು, ಒಂದು ಕಡೆ ಮಾತ್ರ ಬಿಗಿದು, "ಈಗ?" ಅಂದರು. ಅವಳು ಹೇಳಿದಳು. ಅವಳು ಹೇಳಿದ ಹಾಗೇ ಆಯಿತು. ಇನ್ನೊಂದು ಸಲ ಬೇರೆ ಕಡೆ ಬಿಗಿದರು. ಅದನ್ನೂ ಹೇಳಿದಳು. ಇಬ್ಬರೂ ಹುಡುಗಾಟಕ್ಕೆ ಇಳಿದವರ ಹಾಗೆ ಇಡೀ ಚೀಲದ ಕಾಯಿ ಹಾಳುಮಾಡಿದರು.

"ಮೇಷ್ಟ್ರೇ," ಅಂದರು ಕೊನೆಗೆ, ಕೈ ಕೊಡವಿಕೊಳ್ಳುತ್ತ, "ಈಕಿನ್ನ ಮಷೀನ್ ಶಾಪಿಗೆ ಬರಕೊಂಡೀನಿ. ಸ್ಟೋರಿಗೆ ಬ್ಯಾರೆ ಯಾರನ್ನಾರ ನೋಡ್ರಿ."

ಮುಸ್ಕಾನ್ ಬಾಗಿಲ ಕಡೆ ಓಡಿದಳು. ಬಣ್ಣ ಕಿತ್ತುಹೋದದ್ದಕ್ಕೆ ಅಬ್ಬಾಗೆ ನೋವಾಗಿರುತ್ತದೆ ಎಂಬ ಅಳುಕು ಅವಳಿಗೆ. ಮಕ್ತುಂ ಸಾಬರ ಕಣ್ಣು ತುಂಬಿತ್ತು.

"ಇಷ್ಟು ವರ್ಷ ಆತು ಗ್ಯಾರೇಜ್ ಇಟ್ಟು," ಅಂದರು ಅವರು. "ಕೆಡಿಸಿದ್ದನ್ನೆಲ್ಲ ಮುಚ್ಚಿಕೊಂತನ ಬಂದೆ. ಕೆಡಿಸಿ ಕಲಿತದ್ದೇ ನನ್ನ ವಿದ್ಯೆ ಆಗಿತ್ತು ಅಂತ ಯಾರೂ ಹೇಳಲಿಲ್ಲ ನೋಡು."