ಕೆಂಪು ಪಾನೀಯ ಬೇಡ

ಆಸ್ಪತ್ರೆಯವರು ಮಾಧುರಿಯನ್ನು ಮನೆಗೆ ಕಳಿಸುವಾಗ ಒಂದು ಹಾಳೆ ಕೊಟ್ಟರು. ಟಾನ್ಸಿಲ್ ತೆಗೆಸಿದ ಮಗುವನ್ನು ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು ಎಂದು ಒಂದು ಬದಿಗೆ ಮರಾಠಿಯಲ್ಲಿ, ಇನ್ನೊಂದು ಬದಿಗೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ನನ್ನ ಗಂಡ ಬಸವಪ್ರಭು ಖಡಕಿಯ ಫ್ಯಾಕ್ಟರಿಯಲ್ಲಿ ಕ್ಲಾರ್ಕು. ಅಚ್ಚಾದ ಕಾಗದ ಕೈಗೆ ಸಿಕ್ಕರೆ ಅವರಿಗೆ ಮೈಮೇಲೆ ದೇವರು ಬಂದ ಹಾಗೆ. ಮಗಳನ್ನು ನೋಡಲು ಬಂದವರಿಗೆಲ್ಲ ನಿಂತು ಓದಿ, ಕನ್ನಡದಲ್ಲಿ ಅರ್ಥ ಹೇಳಿದರು. ಚಹಾ ಕೊಡುವುದು ನನ್ನ ಪಾಲಿಗೆ ಬಂತು.

ತಣ್ಣನೆಯ ಹಾಲು, ಐಸ್‌ಕ್ರೀಮು, ಮೊಸರನ್ನ ಕೊಡಿ. ಖಾರ, ಹುಳಿ, ಕುರುಕಲು ಬೇಡ. ನೋವಿಗೆ ಪ್ಯಾರಾಸಿಟಮಾಲ್ ಸಿರಪ್ಪು ಮಾತ್ರ, ಆಸ್ಪಿರಿನ್ ಬೇಡವೇ ಬೇಡ. ಗಂಟಲಲ್ಲಿ ಬಿಳಿ ಪದರ ಕಂಡರೆ, ಕಿವಿ ನೋವು ಬಂದರೆ ಹೆದರಬೇಡಿ. ಮೇಲಿಂದ ಮೇಲೆ ನೀರು ಕುಡಿಸಿ. ಕೆಂಪು ಪಾನೀಯ ಬೇಡ. ಕೆಂಪು ರಕ್ತ ಬಂದರೆ ಕೂಡಲೇ ಬನ್ನಿ.

ಇಷ್ಟು ಸ್ಪಷ್ಟವಾಗಿದ್ದರೂ ನಮ್ಮ ಮನೆಯಲ್ಲಿ ಎಲ್ಲವೂ ಗೋಜಲಾಯಿತು. ನನ್ನತ್ತೆ ಕಲ್ಲವ್ವನಿಗೆ ಐಸ್‌ಕ್ರೀಮು ಎಂದರೆ ವಿಷ. "ಜನ್ಮಾ ಪೂರ್ತಿ ಥಂಡಿ ತಿನಬ್ಯಾಡ ಅಂದ್ವಿ. ಈಗ ಗಂಟಲಾ ಕೊಯ್ದು ಥಂಡಿನ ತಿನ್ನು ಅಂತಾರ. ಇವರೆಂಥಾ ಡಾಕ್ಟರ್?" ಎಂದು ಬಿಸಿ ಗಂಜಿ ತರುವರು. ಗಂಡ ಹಾಳೆ ತೋರಿಸುವರು. ನಾನು ಗಂಜಿಯನ್ನು ಫ್ಯಾನಿನ ಕೆಳಗಿಟ್ಟು ಆರಿಸಿ ಇಬ್ಬರ ಮಾನವನ್ನೂ ಉಳಿಸುತ್ತಿದ್ದೆ.

ಹಾಳೆಯಲ್ಲಿ ಇಲ್ಲದ್ದನ್ನು ಅತ್ತೆ ತಾವೇ ಸೇರಿಸಿದರು. "ಕೂಸು ಮಾತಾಡಬಾರದು. ಗಾಯ ಬಿಚ್ಚತದ."

"ಹಂಗೇನೂ ಬರದಿಲ್ಲಲ್ಲ ಅತ್ತಿ," ಎಂದೆ.

"ಬರೀದಿದ್ರ ಏನಾತು? ಅಷ್ಟು ತಿಳೀಬಾರದ?"

ಮಾತು ಬೆಳ್ಳಿ, ಮೌನ ಬಂಗಾರ ಎಂದು ಅವಳಪ್ಪನೂ ತಲೆಯಾಡಿಸಿದರು. ನಮ್ಮ ಮಾಧುರಿ ಒಂದನೆಯ ಇಯತ್ತೆಯ ಹುಡುಗಿ, ಗಿಣಿಯ ಹಾಗೆ ವಟಗುಟ್ಟುವವಳು. ಪಾಪ, ಬಾಯಿ ಮುಚ್ಚಿ ಕೈಸನ್ನೆಯಲ್ಲೇ ದಿನ ಕಳೆದಳು. ಮನೆ ಶಾಂತವಾಯಿತಲ್ಲ ಎಂದು ನನಗೂ ಒಳಗೊಳಗೆ ಹಿತವಾಗಿತ್ತು.

ಹೀಗೆ ವಾರ ತುಂಬುತ್ತ ಬಂತು. ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ಹರಿಣಾಕ್ಷಿ ಬಂದಳು. ಉಡುಪಿ ಕಡೆಯವಳು, ಗಂಡನದು ಸ್ಟೇಷನ್ ಹತ್ತಿರ ಹೋಟೆಲು. ಕೈಯಲ್ಲಿ ಕೋಕಮ್ ಶರಬತ್ತಿನ ಫ್ಲಾಸ್ಕು.

"ಮಗುವಿಗೆ ತಂಪು ಆಗ್ಲಿ ಅಂತ ತಂದೆ. ನಾನೇ ಮಾಡಿದ್ದು, ಬಣ್ಣಗಿಣ್ಣ ಎಂತದೂ ಹಾಕ್ಲಿಲ್ಲ," ಎಂದಳು.

ಶರಬತ್ತು ದಾಸವಾಳದಂತೆ ಕೆಂಪಗಿತ್ತು. ನಾನು ಗಂಡನ ಮುಖ ನೋಡಿದೆ. ಅವರು ಹಾಳೆ ನೋಡಿದರು. ರೋಗಿಗೆಂದು ಮನೆಗೆ ತಂದದ್ದನ್ನು ತಂದವರ ಎದುರಿಗೇ ಒಂದು ಗುಟುಕಾದರೂ ಬಾಯಿಗೆ ಹಾಕಬೇಕು, ಇಲ್ಲದಿದ್ದರೆ ಅವರ ಹಾರೈಕೆಯನ್ನೇ ಹಿಂದೆ ಕಳಿಸಿದಂತೆ. ಇದು ಅತ್ತೆಯ ಕಾನೂನು, ಮುರಿದವರು ನಮ್ಮಲ್ಲಿ ಯಾರೂ ಇಲ್ಲ.

"ಕೆಂಪು ಬ್ಯಾಡ ಅಂದಿದ್ದು ಬಾಜಾರದ ಬಣ್ಣಕ್ಕ," ಎಂದು ಗಂಡ ತೀರ್ಪು ಕೊಟ್ಟರು. "ಇದು ಹಣ್ಣಿಂದು. ನಡೀತದ."

ಯಾಕೆ ಬೇಡ ಎಂಬುದು ಹಾಳೆಯಲ್ಲಿರಲಿಲ್ಲ. ಹುಳಿ ಬೇಡ ಎಂಬುದಿತ್ತು, ಆದರೆ ಸಕ್ಕರೆ ಹೆಚ್ಚು ಹಾಕಿದ್ದೇನೆ ಎಂದು ಹರಿಣಾಕ್ಷಿ ಅದಕ್ಕೂ ಉತ್ತರ ಇಟ್ಟುಕೊಂಡಿದ್ದಳು. ಮಾಧುರಿ ತಲೆ ಅಲ್ಲಾಡಿಸಿ ಗಂಟಲು ಮುಟ್ಟಿಕೊಂಡಳು. "ನೋವಿದ್ದರೂ ಕುಡೀಬೇಕವ್ವ, ಹಾಳ್ಯಾಗ ಅದ," ಎಂದರು ಅಪ್ಪ. ಮಗು ಅರ್ಧ ಲೋಟ ಕುಡಿದು ಮಲಗಿತು. ಹರಿಣಾಕ್ಷಿ ಸಂತೋಷದಿಂದ ಮನೆಗೆ ಹೋದಳು.

ಮಲಗಿದಲ್ಲೇ ಮಾಧುರಿ ಗುಟುಕ್ ಗುಟುಕ್ ಎಂದು ನುಂಗುತ್ತಿದ್ದಳು. "ನೋಡು, ಗಂಟಲಾ ತೆರೀತು. ನುಂಗಾಕ ಬರಾಕತ್ತು," ಎಂದು ಅತ್ತೆ ವಿಭೂತಿ ಹಚ್ಚಿದರು. ನಾನೂ ನಂಬಿದೆ. ಸ್ವಲ್ಪ ಹೊತ್ತಿಗೆ ಅವಳು ಎದ್ದು ಕುಳಿತು, ನಾನು ತಾಟು ಹಿಡಿಯುವಷ್ಟರಲ್ಲಿ ವಾಂತಿ ಮಾಡಿಕೊಂಡಳು. ತಾಟೆಲ್ಲ ಕೆಂಪು.

"ರಕ್ತ!" ಎಂದೆ.

"ಶರಬತ್ತು," ಎಂದರು ಅತ್ತೆ.

ಗಂಡ ಹಾಳೆ ಹುಡುಕಿದರು. ಕೆಂಪು ರಕ್ತ ಬಂದರೆ ಬನ್ನಿ ಎಂದಿದೆ, ಸರಿ. ಆದರೆ ತಾಟಿನಲ್ಲಿರುವುದು ರಕ್ತ ಹೌದೋ ಅಲ್ಲವೋ ಎಂದು ಯಾವ ಹಾಳೆ ಹೇಳುತ್ತದೆ? ಅವರು ತಾಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅತ್ತೆ ಮೂಸಿ ನೋಡಿ ಶರಬತ್ತಿನ ಜೀರಿಗೆ ವಾಸನೆ ಎಂದರು. ನಾನು ಹೇಸಿಗೆ ಬಿಟ್ಟು ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡೆ. ಹುಳಿಯಿತ್ತು, ಉಪ್ಪೂ ಇತ್ತು. ಉಪ್ಪು ರಕ್ತದ್ದೋ? ಓಡಿ ಹೋಗಿ ಪಕ್ಕದ ಬಾಗಿಲು ಬಡಿದೆ. "ಶರಬತ್ತಿಗೆ ಉಪ್ಪು ಹಾಕಿದ್ದೀರೇನ್ರಿ?"

"ಹೌದಲ್ಲ, ಚಿಟಿಕೆ ಉಪ್ಪು ಇಲ್ಲದಿದ್ರೆ ಎಂತ ರುಚಿ? ಯಾಕೆ, ಹೆಚ್ಚಾಯ್ತಾ?"

ನನಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಮನೆಗೆ ಮರಳಿದರೆ ಮಾಧುರಿ ಮತ್ತೆ ಮಲಗಿದ್ದಳು, ಮತ್ತೆ ಗುಟುಕ್ ಗುಟುಕ್. ಬಾಯಲ್ಲಿ ನೀರಿಲ್ಲ, ಏನೂ ಇಲ್ಲ. ಏನು ನುಂಗುತ್ತಿದ್ದಾಳೆ? ಗಂಡನ ಕೈಯಿಂದ ಹಾಳೆ ಕಿತ್ತುಕೊಂಡು ಮರಾಠಿ ಬದಿಯನ್ನು ನಾನೇ ಓದಿದೆ. ರಕ್ತದ ಸಾಲಿನ ಕೆಳಗೆ ಇನ್ನೊಂದು ಸಾಲಿತ್ತು: ಏನೂ ಕುಡಿಯದಿದ್ದರೂ, ನಿದ್ದೆಯಲ್ಲೂ ಮಗು ಪದೇ ಪದೇ ನುಂಗುತ್ತಿದ್ದರೆ ತಡಮಾಡದೆ ಬನ್ನಿ.

"ಇದನ್ಯಾಕ ಓದಿ ಹೇಳ್ಲಿಲ್ರಿ?"

"ನುಂಗೂದು ಚೊಲೊ ಅಂತ ತಿಳಿದಿದ್ದೆ," ಎಂದರು. "ಮೇಲೆ ನುಂಗಸ್ರಿ ಅಂತಾರ, ಕೆಳಗ ನುಂಗಿದ್ರ ಬರ್ರಿ ಅಂತಾರ. ತಪ್ಪಿ ಅಚ್ಚಾಗಿರಬೇಕು ಅನ್ಕೊಂಡೆ."

ಅಚ್ಚಾದದ್ದನ್ನೆಲ್ಲ ನಂಬುವ ಮನುಷ್ಯ ಆ ಒಂದು ಸಾಲನ್ನು ನಂಬಿರಲಿಲ್ಲ! ಜಗಳಕ್ಕೆ ಹೊತ್ತಿರಲಿಲ್ಲ. ಅತ್ತೆಯನ್ನೂ ಕರೆದುಕೊಂಡು ರಿಕ್ಷಾ ಹಿಡಿದೆವು. ಶಿವಾಜಿನಗರದವರೆಗೂ ಮಗಳನ್ನು ತೊಡೆಯ ಮೇಲೆ ಕೂರಿಸಿ ತಲೆಯನ್ನು ಮುಂದಕ್ಕೆ ಬಾಗಿಸಿ ಹಿಡಿದಿದ್ದೆ. ನನ್ನ ಕರ್ಚೀಫು ಕೆಂಪಾಗುತ್ತಿತ್ತು. ಅದು ಏನೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಲೇಡಿ ಡಾಕ್ಟರ್ ಬ್ಯಾಟರಿ ಹಾಕಿ ಗಂಟಲು ನೋಡಿದರು. ಎಡಗಡೆಯ ಗಾಯದ ಮೇಲೆ ಹೆಪ್ಪುಗಟ್ಟಿದ ರಕ್ತ, ಅದರ ಪಕ್ಕದಿಂದ ಸಣ್ಣಗೆ ಸೋರುತ್ತಿತ್ತು.

"ವಾಂತಿಯಲ್ಲಿ ಎಷ್ಟು ರಕ್ತ ಹೋಗಿದೆ?" ಎಂದು ಮರಾಠಿಯಲ್ಲಿ ಕೇಳಿದರು.

ಗಂಡ ಶರಬತ್ತಿನ ಕಥೆ ಹೇಳಿದರು.

"ಕೆಂಪು ಬೇಡ ಅಂದದ್ದು ಇದಕ್ಕೇ," ಎಂದರು ಡಾಕ್ಟರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೈಗೆ ಸಲೈನ್ ಹಚ್ಚಿದರು, ಪರೀಕ್ಷೆಗೆ ರಕ್ತ ತೆಗೆದರು. ಹೊಟ್ಟೆ ತುಂಬಿದೆ, ಎಚ್ಚರದಿಂದ ಅರಿವಳಿಕೆ ಕೊಡಬೇಕು ಎಂದು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತ ಆಪರೇಷನ್ ಕೋಣೆಗೆ ಒಯ್ದರು. ನಾನು ಹೊರಗೆ ನಿಂತು, ಮಗಳೊಬ್ಬಳು ಉಳಿದು ಬರಲಿ ಎಂದು ನೆನಪಾದ ದೇವರಿಗೆಲ್ಲ ಕೈ ಮುಗಿದೆ.

ಉಳಿದು ಬಂದಳು. ಸೋರುತ್ತಿದ್ದ ಜಾಗವನ್ನು ಸುಟ್ಟು ರಕ್ತ ನಿಲ್ಲಿಸಿದ್ದರು. ಮರುದಿನ ಬೆಳಿಗ್ಗೆ ದಿಂಬಿಗೊರಗಿ ತಣ್ಣನೆಯ ಹಾಲು ಕುಡಿದಳು. ಡಾಕ್ಟರ್ ಬಂದು ನೋಡಿ, "ಗಾಯದ ಹಕ್ಕಳೆ ಉದುರುವ ಹೊತ್ತಿಗೆ ಹೀಗೆ ಒಮ್ಮೊಮ್ಮೆ ಆಗುತ್ತದೆ. ಯಾವಾಗ ಶುರುವಾಯಿತು ಮಗೂ?" ಎಂದು ಅವಳನ್ನೇ ಕೇಳಿದರು.

ಮಾಧುರಿ ಬಾಯಿ ತೆರೆಯಲಿಲ್ಲ. ಅಜ್ಜಿಯ ಕಡೆ ನೋಡಿದಳು.

"ಮಾತಾಡಬೇಡ ಅಂದವರು ಯಾರು? ಮಾತಾಡಿದರೆ ಒಳ್ಳೆಯದೇ," ಎಂದರು ಡಾಕ್ಟರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಹೇಳು ನಮ್ಮವ್ವ, ಹೇಳು," ಎಂದು ಅವರೇ ಅಂದರು.

ಮಗಳ ದನಿ ಹರಿದುಹೋಗಿತ್ತು. "ಹರಿಣಾಕ್ಷಿ ಕಾಕೂ ಬರೂಕ್ಕಿಂತ ಮೊದಲಽ," ಎಂದಳು. "ಬಾಯಾಗ ಬೆಚ್ಚಗ ಬರಾಕತ್ತಿತ್ತು. ನಾ ಕೈ ಮಾಡಿ ತೋರಿಸಿದ್ನಿ ಅವ್ವಾ. ನೀವು ಶರಬತ್ತು ಕುಡೀ ಅಂದ್ರಿ."