ವಾಡೆಯಿಂದ ಎದ್ದ ನೋಟು

ಆ ವರ್ಷ ಬೆಟ್ಟದಪುರದವರಿಗೆಲ್ಲ ಹೊಗೆಸೊಪ್ಪಿನ ಹಣ ಒಂದೇ ವಾರದಲ್ಲಿ ಕೈಗೆ ಬಂತು. ರಾಗಿ ಮಾತ್ರ ಹೋದ ವರ್ಷದಷ್ಟೇ ಬೆಳೆದಿತ್ತು. ನೀಲಕಂಠಸ್ವಾಮಿಯ ದವಸದ ಮಂಡಿಯಲ್ಲಿ ಒಂದು ಪಲ್ಲ, ಅಂದರೆ ನೂರು ಸೇರು, ರಾಗಿಯ ಬೆಲೆ ಇಪ್ಪತ್ತು ರೂಪಾಯಿಯಿಂದ ಇಪ್ಪತ್ತಾರಕ್ಕೆ ಏರಿತು.

ಸೊಪ್ಪು ಬೆಳೆದಿದ್ದ ಕರಿಯಪ್ಪ ಸುದ್ದಿಯನ್ನು ಮನೆಗೆ ತಂದ. ಹೆಂಡತಿ ರುಕ್ಮಿಣಮ್ಮ ರಾಗಿ ತುಂಬಿಡುವ ಮಣ್ಣಿನ ವಾಡೆಗೆ ಕೈಹಾಕಿ, ಹಳೆಯ ನೋಟುಗಳನ್ನು ತೆಗೆದಳು. ಊರಿನ ಹೆಂಗಸರೆಲ್ಲ ಕಷ್ಟಕಾಲಕ್ಕೆಂದು ಹಣ ಹುದುಗಿಸಿಡುತ್ತಿದ್ದುದು ತಂತಮ್ಮ ಮನೆಯ ವಾಡೆಯಲ್ಲಿಯೇ.

“ಇನ್ನೂ ಏರಾಕೆ ಮುಂಚೆ ಎರಡು ಪಲ್ಲ ತಂದ್ಬುಡಿ,” ಎಂದಳು.

ಮರುದಿನ ಮಂಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಬೆಲೆ ಮೂವತ್ತೆರಡಾಗಿತ್ತು.

“ಒಂದೇ ದಿನಕ್ಕೆ ಆರು ರೂಪಾಯಾ? ಏನ್ ಸ್ವಾಮ್ಯೋರೆ, ಊರ್ನೇ ದೋಚ್ತಾ ಇದ್ದೀರಲ್ಲ!” ಎಂದು ಕರಿಯಪ್ಪ ರೇಗಿದ.

ನೀಲಕಂಠಸ್ವಾಮಿ ಅವನು ಕೊಟ್ಟ ನೋಟನ್ನು ಮೂಗಿಗೆ ಹಿಡಿದರು. ಹಳೆ ರಾಗಿಯ ವಾಸನೆ ಬಂತು.

“ಬೆಳಗ್ಗಿಂದ ಬಂದ ನೋಟೆಲ್ಲ ಇದೇ ವಾಸ್ನೆ ಕಣಪ್ಪ. ವರ್ಷಗಟ್ಲೆ ಮಲಗಿದ್ದವು ಇವತ್ತು ಒಟ್ಟಿಗೇ ಎದ್ದು ಬಂದವೆ. ಮೂಟೆ ಮಾತ್ರ ಒಂದೂ ಹೆಚ್ಚಾಗಿಲ್ಲ. ಬೆಲೆ ಏರ್ಸಿದ್ದು ನಾನೊಬ್ನೇನಾ?”

ಹಿಂದಿನವರು ನೂಕುತ್ತಿದ್ದರು. ಕರಿಯಪ್ಪ ಮೂವತ್ತೆರಡಕ್ಕೇ ಎರಡು ಪಲ್ಲ ಕೊಂಡು ಗಾಡಿಗೆ ಹೇರಿದ.

ಮನೆಯ ವಾಡೆಯಲ್ಲಿ ಮೊದಲೇ ಮುಂದಿನ ಸುಗ್ಗಿಯವರೆಗೂ ಸಾಕಾಗುವಷ್ಟು ರಾಗಿಯಿತ್ತು.